ಸೋಮವಾರದ ಪಟ್ಟಿಗೆ ಬಾರದ ಅರ್ಜಿ

ಸೋಮವಾರ ಬೆಳಗ್ಗೆ ಸೊಸೈಟಿಯ ಬಾಗಿಲು ತೆಗೆದ ಕೂಡಲೇ ನನ್ನ ಮೊದಲ ಕೆಲಸ ಬಾಕಿ ಪಟ್ಟಿ ತೆಗೆಯುವುದು. ಸಾಲದ ಅರ್ಜಿ ಬಂದು ಮೂವತ್ತು ದಿನ ದಾಟಿದರೂ ಕೊಡುತ್ತೇವೆ ಎಂದೂ ಹೇಳದೆ, ಕೊಡುವುದಿಲ್ಲ ಎಂದೂ ಹೇಳದೆ ನಾವು ಕೂತಿದ್ದರೆ ಅದು ಈ ಪಟ್ಟಿಗೆ ಬರುತ್ತದೆ. ಯಾರ ಅರ್ಜಿ, ಬಂದದ್ದು ಎಂದು, ಈಗ ಯಾರ ಮೇಜಿನ ಮೇಲಿದೆ, ಎಲ್ಲವೂ ಒಂದೇ ಸಾಲಿನಲ್ಲಿ. ನಮ್ಮ ಕಾರ್ಯದರ್ಶಿ ಒಂದೊಂದು ಹೆಸರಿನ ಮುಂದೆಯೂ ತಡಕ್ಕೆ ಕಾರಣ ಬರೆದು ಬುಧವಾರ ಸಾಲ ಸಮಿತಿಯ ಮುಂದಿಡಬೇಕು. ಹಾಗಾಗಿ ಸೋಮವಾರ ಬಂದರೆ ಅವರಿಗೆ ತಲೆನೋವು. ಪಟ್ಟಿ ಚಿಕ್ಕದಿದ್ದ ದಿನ ಮಾತ್ರ ಅವರೇ ಎಲ್ಲರಿಗೂ ಟೀ ಹೇಳುತ್ತಾರೆ.

ಆ ಸೋಮವಾರ ಪಟ್ಟಿಯಲ್ಲಿ ಮೂರೇ ಹೆಸರಿದ್ದವು. ಕಾರ್ಯದರ್ಶಿ ಟೀ ಹೇಳಿದರು. ನಾನು ಮಾತ್ರ ಹಾಳೆಯನ್ನು ತಿರುಗಿಸಿ ನೋಡಿದೆ. ಬರಬೇಕಾಗಿದ್ದ ನಾಲ್ಕನೆಯ ಹೆಸರು ಬಂದಿರಲಿಲ್ಲ. ಅದು ನನ್ನ ವಾರಗಿತ್ತಿಯದು, ಅಂದರೆ ನನ್ನ ಮೈದುನನ ಹೆಂಡತಿಯದು.

ಅವಳು ಹೊಲಿಗೆಯವಳು. ಎರಡು ಮೋಟಾರು ಮೆಷಿನ್ನು ಕೊಳ್ಳಲು, ಬಸ್ ನಿಲ್ದಾಣದ ಪಕ್ಕದ ಒಂದು ಅಂಗಡಿಗೆ ಮುಂಗಡ ಕೊಡಲು ಸಾಲ ಕೇಳಿದ್ದಳು. ಅರ್ಜಿ ಬಂದ ದಿನವೇ ನಾನು "ಇವರು ನನ್ನ ಸಂಬಂಧಿ" ಎಂದು ಕಾರ್ಯದರ್ಶಿಗೆ ಬರೆದುಕೊಟ್ಟೆ. ನಿಯಮ ಹಾಗಿದೆ. ಅವರು ಕಡತವನ್ನು ನನ್ನ ಪಕ್ಕದ ಮೇಜಿನ ಆಮೇಲಪ್ಪನಿಗೆ ಕೊಟ್ಟರು. ಆಮೇಲಪ್ಪ ಅವನ ಹೆಸರಲ್ಲ. ಏನು ಕೇಳಿದರೂ "ಆಮೇಲೆ ಮಾಡ್ತೀನಿ" ಅನ್ನುತ್ತಾನೆ, ಅದಕ್ಕೆ ನಾವೇ ಇಟ್ಟ ಹೆಸರು.

ಅಂಗಡಿಯ ಬಾಡಿಗೆ ಕರಾರು ಇಲ್ಲವೆಂದು ಆಮೇಲಪ್ಪ ಕಂಪ್ಯೂಟರಿನಲ್ಲಿ ಅರ್ಜಿಯ ಮೇಲೆ "ಅರ್ಜಿದಾರರಿಂದ ಕಾಗದ ಬರಬೇಕು" ಎಂದು ಗುರುತು ಹಾಕಿದ್ದ. ಈ ಗುರುತು ಬಿದ್ದ ಅರ್ಜಿ ಪಟ್ಟಿಗೆ ಬರುವುದಿಲ್ಲ. ತಡ ನಮ್ಮದಲ್ಲ, ಅವರದು ಎಂದು ಲೆಕ್ಕ. ಕಾಗದ ಬಂದ ಮೇಲೆ ಗುರುತು ತೆಗೆಯಬೇಕಾದವನು ಆ ಕಡತ ನೋಡುವ ಗುಮಾಸ್ತ. ವಾರಗಿತ್ತಿ ಮರುದಿನವೇ ಬಂದು ಕರಾರನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಕಡತಕ್ಕೆ ಸೇರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಗುರುತು ತೆಗೆಯುವುದನ್ನು ಅವನು ಆಮೇಲಕ್ಕೆ ಬಿಟ್ಟ, ಆಮೇಲೆ ಮರೆತ. ಕಂಪ್ಯೂಟರಿನ ಪಾಲಿಗೆ ಆ ಕಾಗದ ಇನ್ನೂ ಬಂದೇ ಇಲ್ಲ. ಇನ್ನು ಅದು ವರ್ಷವಾದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಆ ಕಡತ ಮುಟ್ಟಬೇಡ ಅಂದಿದ್ದಾರಲ್ಲ, ನನಗ್ಯಾಕೆ ಊರ ಉಸಾಬರಿ ಅಂದುಕೊಂಡೆ. ಟೀ ಕುಡಿದೆ. ಅವತ್ತು ಟೀ ಚೆನ್ನಾಗಿಯೂ ಇತ್ತು.

ನನ್ನದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಮುದ್ದು ಮಾಡುವುದಿಲ್ಲ. ಅವಳು ಮದುವೆಯಾಗಿ ಬರುವ ಮೊದಲು ಆ ಮನೆಯಲ್ಲಿ ನಾನೊಬ್ಬಳೇ ಸೊಸೆ. ಬೆಳಗಿನ ಅಡುಗೆ ಮುಗಿಸಿ, ಬಟ್ಟೆ ಒಗೆದು ಹಾಕಿ ಕೆಲಸಕ್ಕೆ ಓಡುತ್ತಿದ್ದೆ. ಒಂದು ದಿನ ಅತ್ತೆ "ಪಾಪ" ಅಂದವರಲ್ಲ. ಅವಳು ಬಂದಳು, ಅತ್ತೆಯ ಹಳೇ ಸೀರೆಯಲ್ಲಿ ದಿಂಬಿನ ಚೀಲ ಹೊಲಿದಳು, ಅಷ್ಟೇ. ಬಂದವರಿಗೆಲ್ಲ ಆ ದಿಂಬು ತೋರಿಸಿದ್ದೇ ತೋರಿಸಿದ್ದು. ನನ್ನ ಸಂಬಳದಲ್ಲಿ ತಂದ ಹಾಸಿಗೆ ಆ ದಿಂಬಿನ ಕೆಳಗೇ ಇತ್ತು, ಅದನ್ನು ಯಾರೂ ನೋಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಮೈದುನನೋ, ಅವಳ ನೆರಳು. ನಮ್ಮವರು ನಾನು ಕೂದಲು ಕತ್ತರಿಸಿಕೊಂಡು ಬಂದರೂ ಗಮನಿಸದ ಮಹಾನುಭಾವರು. ಅವರು ಕೂಡ ಒಮ್ಮೆ ಊಟಕ್ಕೆ ಕೂತು "ಇವಳ ಕೈಯಲ್ಲಿ ಏನೋ ಇದೆ ಕಣೇ" ಅಂದರು.

ಆ ರಾತ್ರಿ ಪಾತ್ರೆ ಒರೆಸುತ್ತಾ ವಾರಗಿತ್ತಿಯೇ ಕೇಳಿದಳು.

"ಅಕ್ಕಾ, ಲೇಟಾದ ಅರ್ಜಿಗಳ ಪಟ್ಟಿ ಅಂತ ಒಂದು ತೆಗೀತೀಯಂತಲ್ಲ, ಅದ್ರಲ್ಲಿ ನನ್ನ ಹೆಸರು ಬಂತಾ?"

"ಇಲ್ಲಮ್ಮ."

"ಹಂಗಂದ್ರೆ?"

"ಹಂಗಂದ್ರೆ ಲೇಟಾಗಿಲ್ಲ ಅಂತ."

ಸುಳ್ಳಿನ ಒಂದು ಕಾಳೂ ಬೆರೆಸದೆ ಸುಳ್ಳು ಹೇಳಬಹುದು ಎಂದು ಅವತ್ತು ಕಲಿತೆ. ಅವಳ ಮುಖ ಅರಳಿತು. "ಸದ್ಯ! ಅಂಗಡಿಯವರು ಮುಂಗಡಕ್ಕೆ ಈ ತಿಂಗಳ ಕೊನೇವರೆಗೂ ಕಾಯ್ತೀನಿ ಅಂದಿದಾರೆ, ಅದಾದ್ಮೇಲೆ ಕರಾರು ನಡೆಯಲ್ವಂತೆ, ಬೇರೆಯವ್ರಿಗೆ ಕೊಡ್ತಾರಂತೆ. ನೀನು ಹೇಳಿದ್ಮೇಲೆ ಧೈರ್ಯ ಬಂತು ನೋಡು," ಎಂದು ನನ್ನ ಕೈಯಲ್ಲಿದ್ದ ಬಾಣಲೆಯನ್ನೂ ತಾನೇ ತೆಗೆದುಕೊಂಡು ಒರೆಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾಣಲೆ ಒರೆಸುವವರನ್ನು ಏನು ಮಾಡಬೇಕು?

ಮರುವಾರ ಹೇಳೋಣ ಅಂತಲೇ ಮನೆಯಿಂದ ಹೊರಟಿದ್ದೆ. ಆದರೆ ಬಾಗಿಲಲ್ಲಿ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು, "ನಮ್ಮ ಚಿಕ್ಕ ಸೊಸೆ ಅಂಗಡಿ ಹಾಕ್ತಾಳೆ ಕಣ್ರೀ. ದೊಡ್ಡವಳದ್ದು ಏನು ಬಿಡಿ, ಬೇರೆಯವರ ಕಾಗದ ಕಾಯೋ ಕೆಲಸ." ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಮುಂದೆಯೇ ದಾಟಿ ಹೋದೆ. ಸೊಸೈಟಿಗೆ ಹೋಗಿ ಪಟ್ಟಿ ತೆಗೆದೆ. ಎರಡೇ ಹೆಸರು. ಕಾರ್ಯದರ್ಶಿ ಟೀ ಜೊತೆಗೆ ಬಿಸ್ಕತ್ತನ್ನೂ ಹೇಳಿದರು. ಆಮೇಲಪ್ಪ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಾ ಕೂತಿದ್ದ, ಅವನ ಮೊಣಕೈ ಕೆಳಗೇ ಅವಳ ಕಡತ. ಕಾಗದ ಕಾಯುವವಳು ತಾನೇ ನಾನು? ಕಾಯುತ್ತೇನೆ ಅಂದುಕೊಂಡು ಬಾಯಿ ಬಿಡಲಿಲ್ಲ.

ಅದರ ಮುಂದಿನ ಸೋಮವಾರ ನಾನು ಪಟ್ಟಿ ತೆಗೆಯುವ ಹೊತ್ತಿಗೆ ವಾರಗಿತ್ತಿಯೇ ಕೌಂಟರಿನ ಮುಂದೆ ನಿಂತಿದ್ದಳು. ಆಮೇಲಪ್ಪ ಇನ್ನೂ ಬಂದಿರಲಿಲ್ಲ. ಅವಳ ಕೈಯಲ್ಲಿ ಮಡಿಚಿದ ಒಂದು ಕಾಗದ.

"ಅಕ್ಕಾ, ಅರ್ಜಿ ವಾಪಸ್ ತಗೋತೀನಿ ಅಂತ ಬರ್ಕೊಂಡು ಬಂದಿದೀನಿ."

"ಯಾಕೆ?"

"ಇಷ್ಟು ದಿನ ಆದ್ರೂ ಏನೂ ಹೇಳ್ತಿಲ್ಲ ಅಂದ್ರೆ ನಾನು ನಿನ್ನ ಸಂಬಂಧ ಅನ್ನೋದೇ ತೊಡಕಾಗಿರ್ಬೇಕು. ನಿಂಗೆ ಹೇಳೋಕೂ ಆಗ್ತಿಲ್ಲ, ನುಂಗೋಕೂ ಆಗ್ತಿಲ್ಲ. ನಂಗೆ ಅರ್ಥ ಆಗುತ್ತೆ. ಸಾಲ ಕೊಟ್ರೂ ನಾಳೆ ಯಾರಾದ್ರೂ ಇವ್ಳೇ ಕೊಡಿಸಿದ್ಲು ಅಂತಾರೆ. ನನ್ನ ಅಂಗಡಿಗೋಸ್ಕರ ನಿನ್ನ ಹೆಸರು ಕೆಡೋದು ಬೇಡ."

ನನ್ನ ಮೈಯೆಲ್ಲ ಉರಿದುಹೋಯಿತು. ಕರುಣೆಯಿಂದ ಅಲ್ಲ. ದಿಂಬು ಅವಳದು, ಅತ್ತೆ ಅವಳವರು, ಹೊಗಳಿಕೆ ಅವಳದು. ಈಗ ತ್ಯಾಗವೂ ಅವಳದೇ! ನನ್ನ ಹೆಸರು ಉಳಿಸಲು ತನ್ನ ಅಂಗಡಿ ಬಿಟ್ಟುಕೊಟ್ಟ ಮಹಾತಾಯಿ ಎಂದು ಜೀವಮಾನವಿಡೀ ಅತ್ತೆಯ ಬಾಯಲ್ಲಿ ಕೇಳಬೇಕು ನಾನು. ಆ ಕಾಗದಕ್ಕೆ ಒಂದು ಮುದ್ರೆ ಬಿದ್ದರೆ ಅರ್ಜಿ ಅಲ್ಲಿಗೆ ಮುಗಿಯಿತು, ಮತ್ತೆ ಯಾವ ಪಟ್ಟಿಗೂ ಬರುವುದಿಲ್ಲ. ಎರಡು ವಾರದಿಂದ ನಾನು ಬೇಡಿಕೊಂಡದ್ದು ಅದೇ ಅಲ್ಲವೇ? ಮುದ್ರೆ ನನ್ನ ಮೊಣಕೈ ಪಕ್ಕದಲ್ಲೇ ಇತ್ತು.

"ಕೂತ್ಕೋ ಅಲ್ಲಿ," ಎಂದು ಗದರಿ, ಕಾಗದವನ್ನು ಅವಳ ಕೈಯಲ್ಲೇ ಬಿಟ್ಟು ಕಾರ್ಯದರ್ಶಿಯ ಕೋಣೆಗೆ ಹೋದೆ.

"ಸಾರ್, ನನ್ನ ವಾರಗಿತ್ತಿ ಅರ್ಜಿ ಪಟ್ಟಿಗೆ ಬರ್ತಿಲ್ಲ. ಕಾಗದ ಯಾವತ್ತೋ ಬಂದಿದೆ, ಗುರುತು ತೆಗೆದಿಲ್ಲ. ಕಡತ ನಾನು ಮುಟ್ಟೋ ಹಂಗಿಲ್ಲ, ನೀವೇ ನೋಡಿ."

ಅವರು ಕನ್ನಡಕ ಏರಿಸಿಕೊಂಡು ಕಡತ ತರಿಸಿದರು. ಕರಾರು ಒಳಗಿತ್ತು, ಅದರ ಮೇಲೆ ನಮ್ಮದೇ ಸ್ವೀಕೃತಿಯ ಮುದ್ರೆ. ಅಷ್ಟರಲ್ಲಿ ಬಂದ ಆಮೇಲಪ್ಪನನ್ನು ಕರೆದು ಗುರುತು ತೆಗೆಸಿದರು. "ಆಮೇಲೆ ತೆಗೆಯೋಣ ಅಂತಿದ್ದೆ ಸಾರ್," ಅಂದ ಆ ಪುಣ್ಯಾತ್ಮ. ನನಗೆ ಪಟ್ಟಿ ಇನ್ನೊಮ್ಮೆ ತೆಗೆಯಲು ಹೇಳಿದರು. ಈ ಸಲ ಅವಳ ಹೆಸರು ಎಲ್ಲರಿಗಿಂತ ಮೇಲೆ ಬಂತು. ಎಲ್ಲರಿಗಿಂತ ಹೆಚ್ಚು ದಿನ ಕಾದವಳು ಅವಳೇ.

"ಇದು ನಿಮಗೆ ಇವತ್ತು ಗೊತ್ತಾಯ್ತಾ?" ಕಾರ್ಯದರ್ಶಿ ಕೇಳಿದರು.

"ಇಲ್ಲ ಸಾರ್. ಎರಡು ವಾರದಿಂದ ಗೊತ್ತು."

"ಮತ್ಯಾಕಮ್ಮ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು ಸಾರ್."

ಅವರು ಗೊಳ್ಳೆಂದು ನಕ್ಕರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. ನಿಜ ಹೇಳಿದರೂ ನಂಬದ ಜನಕ್ಕೆ ಏನು ಮಾಡೋಣ? ಪಟ್ಟಿಯಲ್ಲಿ ತಡದ ಕಾರಣದ ಜಾಗದಲ್ಲಿ "ಕಚೇರಿಯ ಕಣ್ತಪ್ಪು" ಎಂದು ಬರೆದುಕೊಂಡರು.

ಬುಧವಾರ ಸಮಿತಿ ಸಾಲ ಮಂಜೂರು ಮಾಡಿತು. ಅದೇ ಸಂಜೆ ಮೈದುನ ಅಂಗಡಿಯ ಮಾಲೀಕರ ಹತ್ತಿರ ಓಡಿದ. ತಿಂಗಳು ಮುಗಿದು ಎರಡು ದಿನವಾಗಿತ್ತು. ಮೊಬೈಲ್ ರಿಪೇರಿಯವನೊಬ್ಬ ಆಗಲೇ ಮುಂಗಡ ಕೊಟ್ಟು ಬೀಗದ ಕೈ ಇಸಿದುಕೊಂಡಿದ್ದ. ಅಂಗಡಿ ಇಲ್ಲವೆಂದ ಮೇಲೆ ಮುಂಗಡದ ಭಾಗ ರದ್ದಾಯಿತು. ಮೆಷಿನ್ನಿನ ದುಡ್ಡನ್ನು ಮಾತ್ರ ಸೊಸೈಟಿ ನೇರವಾಗಿ ಮೆಷಿನ್ ಮಾರುವವರಿಗೆ ಕಟ್ಟಿತು. ಎರಡೂ ಮೆಷಿನ್ನು ನಮ್ಮ ಮನೆಗೆ ಬಂದವು. ನಡುಮನೆಯಲ್ಲಿ, ನನ್ನ ಕೋಣೆಯ ಬಾಗಿಲಿಗೆ ಎದುರಾಗಿ ಕೂತವು. ಅಂಗಡಿ ಸಿಕ್ಕಿದ್ದರೆ ಬೆಳಗಿಂದ ಸಂಜೆವರೆಗೆ ಅವಳು ಮನೆಯ ಹೊರಗಿರುತ್ತಿದ್ದಳು. ಈಗ ನಾನು ರಜೆಯ ದಿನ ಕಣ್ಣು ಮುಚ್ಚಿದರೂ ಗರಗರ ಸದ್ದು, ಅಳತೆ ಕೊಡಲು ಬಂದವರ ಗುಂಪು, ಅವರ ನಡುವೆ ಅತ್ತೆಯ ವರ್ಣನೆ. ಮಾಡಿದ್ದುಣ್ಣೋ ಮಹರಾಯ.

ಒಂದು ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಅವಳು ಮೆಷಿನ್ನಿಂದ ತಲೆ ಎತ್ತದೆಯೇ ಕೇಳಿದಳು.

"ಅಕ್ಕಾ, ಕರಾರು ಕೊಟ್ಟ ದಿನ ನೀನು ಪಕ್ಕದಲ್ಲೇ ಕೂತಿದ್ದೆ. ಪಟ್ಟಿ ತೆಗೆಯೋಳೂ ನೀನೇ. ನಿಂಗೆ ಮೊದಲೇ ಗೊತ್ತಿತ್ತಾ?"

ಕಾರ್ಯದರ್ಶಿಗೆ ಹೇಳಿದ ಹಾಗೆ ತಮಾಷೆಯಾಗಿ ಕೇಳಿಸಲಿ ಅಂದುಕೊಂಡೆ. ಹಾಗೆ ಬರಲಿಲ್ಲ.

"ಗೊತ್ತಿತ್ತು. ನಿನ್ನ ಕಂಡ್ರೆ ಹೊಟ್ಟೆ ಉರೀತಿತ್ತು."

ಅವಳು ನಗಲಿಲ್ಲ. ಅಳಲೂ ಇಲ್ಲ. ಬಟ್ಟೆಯ ಅಂಚನ್ನು ಬೆರಳಿನಿಂದ ತೀಡಿದಳು.

"ನಂಗೂ ಉರೀತಿತ್ತು," ಅಂದಳು. "ದಿನಾ ಬೆಳಗ್ಗೆ ಚೀಲ ತಗಲಾಕ್ಕೊಂಡು ಈ ಬಾಗಿಲು ದಾಟ್ತೀಯಲ್ಲ, ಅದನ್ನ ನೋಡಿ. ನೀನು ಹೋದ್ಮೇಲೆ ನಾನೂ ಅತ್ತೆ ಇಬ್ರೇ. ಹೊಲಿಗೆ ಎಲ್ಲಾದ್ರೂ ಮಾಡಬಹುದು ಅಕ್ಕ. ನಾನು ಅಂಗಡಿ ಕೇಳಿದ್ದು ಹೊಲಿಯೋಕಲ್ಲ."

ಒಳಗಿನಿಂದ ಅತ್ತೆ ಚಿಕ್ಕ ಸೊಸೆಯನ್ನು ಕೂಗಿದರು, ನೀರು ಬೇಕಂತೆ. ಅವಳು ಎದ್ದು ಹೋದಳು.

ಮರುದಿನ ಬೆಳಗ್ಗೆ ಹೊರಡುವಾಗ ಅವಳು ಆಗಲೇ ಮೆಷಿನ್ನಿಗೆ ಕೂತಿದ್ದಳು, ಬೆನ್ನು ಬಾಗಿಲ ಕಡೆಗೆ. ನಾನು ಚೀಲವನ್ನು ಹೆಗಲಿಗೆ ಹಾಕಿಕೊಳ್ಳದೆ ಸೆರಗಿನ ಮರೆಯಲ್ಲಿ ಕೈಯಲ್ಲೇ ಹಿಡಿದುಕೊಂಡು, ಸದ್ದಾಗದಂತೆ ಬಾಗಿಲು ದಾಟಿದೆ.