ಗುಡ್ಡವ್ವನ ಹೆಸರಿನ ಗಾಡಿ

ಉದಯಕುಮಾರನಿಗೆ ಅರ್ಜಿ ಬರೆಯುವುದೆಂದರೆ ನೀರು ಕುಡಿದಷ್ಟು ಸಲೀಸು. ಇಪ್ಪತ್ತೆರಡು ವರ್ಷ ಧಾರವಾಡದ ಸರಕಾರಿ ಕಚೇರಿಯೊಂದರಲ್ಲಿ ಕೂತು, ಮಂದಿಯ ಅರ್ಜಿಯಲ್ಲಿ ಹುಳುಕು ಹುಡುಕಿ ಹಿಂದಕ್ಕೆ ಕಳಿಸಿದ ಮನುಷ್ಯ. ಅಂಥವನ ಅರ್ಜಿಯೇ ಎರಡನೇ ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯ ಸಂಚಾರ ಠಾಣೆಯಲ್ಲಿ ವಾಪಸ್ ಬಂತು.

ಎಎಸ್‌ಐ ನೀಲಕಂಠಪ್ಪ ಅರ್ಜಿಯನ್ನೂ ಗಾಡಿಯ ಆರ್‌ಸಿಯನ್ನೂ ಸಾವಕಾಶ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅರ್ಜಿದಾರರು ನೀವು ಅಂತ ಬರದೀರಿ. ಆರ್‌ಸಿ ಒಳಗ ಗುಡ್ಡವ್ವ ಅಂತ ಐತಿ. ಯಾರ್ರೀ ಅವರು?"

"ನಮ್ಮವ್ವರಿ. ಇಲ್ಲೇ ಕುಂತಾಳ. ಮನಿ ಕಾಗದಪತ್ರ ಎಲ್ಲಾ ನಾನ ನೋಡಕೋತೇನ್ರಿ."

"ನೋಡಕೋರಿ, ಬ್ಯಾಡ ಅನ್ನೂದಿಲ್ಲ. ಆದರ ಗಾಡಿ ಬಿಡ್ರಿ ಅಂತ ಮಾಲಕರ ಕೇಳಬೇಕು."

ಬಾಗಿಲ ಪಕ್ಕದ ಬೆಂಚಿನ ಮೇಲಿದ್ದ ಗುಡ್ಡವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಮನೆಯಲ್ಲಿ ಜೀವ ನಿಲ್ಲದೆ ಮಗನ ಬೆನ್ನು ಹತ್ತಿ ಬಂದವಳು ಅವಳು. ಬಂದಲ್ಲಿ ಮಾಲಕಿಯಾಗಿಬಿಟ್ಟಿದ್ದಳು. ಅರವತ್ತೆಂಟು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ.

ಆ ಪುಟ್ಟ ಗೂಡ್ಸ್ ಗಾಡಿ ಅವಳ ಹೆಸರಿಗೆ ಬಂದದ್ದು ಪ್ರೀತಿಯಿಂದೇನಲ್ಲ. ಸರಕಾರಿ ನೌಕರ ಗಾಡಿ ಕೊಂಡರೆ ಮೇಲಿನವರಿಗೆ ಬರೆದು ತಿಳಿಸಬೇಕು, ದುಡ್ಡೆಲ್ಲಿಂದ ಬಂತು ಅಂತ ಹೇಳಬೇಕು. ಆ ಉಸಾಬರಿ ಯಾಕೆ ಅಂತ ಉದಯಕುಮಾರ ಎರಡು ವರ್ಷದ ಹಿಂದೆ ಅವ್ವನನ್ನು ಕರೆದೊಯ್ದು, ತೋರಿಸಿದಲ್ಲೆಲ್ಲ ಸಹಿ ಹಾಕಿಸಿದ್ದ. ಅಲ್ಲಿಗೆ ಅವಳ ಮಾಲಕಿತನ ಮುಗಿದಿತ್ತು. ಗಾಡಿ ಓಡಿಸುವವಳು ಉದಯಕುಮಾರನ ಮಗಳು ಕರುಣಾ, ಇಪ್ಪತ್ನಾಲ್ಕರ ಹುಡುಗಿ. ಕೇಶ್ವಾಪುರದಲ್ಲಿ ಗುಡ್ಡವ್ವ ನಡೆಸುವ ಖಾನಾವಳಿಯಿಂದ ಲಕಮನಹಳ್ಳಿಯ ಕಾರ್ಖಾನೆಗೆ ದಿನಾ ಮಧ್ಯಾಹ್ನದ ಊಟ ಒಯ್ಯುವುದು ಅವಳೇ. ರೊಟ್ಟಿ ಬಡಿಯುವುದು ಅಜ್ಜಿ, ಗೇರ್ ಬಡಿಯುವುದು ಮೊಮ್ಮಗಳು ಅಂತ ಓಣಿಯವರು ನಗುತ್ತಿದ್ದರು, ನಗುತ್ತಲೇ ಹೆಮ್ಮೆಪಡುತ್ತಿದ್ದರು.

ಬುಧವಾರ ಹನ್ನೊಂದೂವರೆಗೆ ನವನಗರದ ಹತ್ತಿರ ಅಡ್ಡರಸ್ತೆಯಿಂದ ಬಂದ ಬೈಕೊಂದು ಗಾಡಿಯ ಎಡಬಾಗಿಲಿಗೆ ಬಡಿಯಿತು. ಬೈಕಿನವನು ಜಾಕೀರ, ಮನೆಗಳಿಗೆ ಬಣ್ಣ ಹಚ್ಚುವ ಕೆಲಸದವನು. ಮುಂಗೈ ಮುರಿಯಿತು. ಕರುಣಾಳೇ ಅವನನ್ನು ಗಾಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದಳು. ದವಾಖಾನೆಯವರು ಪೊಲೀಸರಿಗೆ ತಿಳಿಸಿದರು, ಪ್ರಕರಣ ದಾಖಲಾಯಿತು, ಗಾಡಿ ಠಾಣೆಯ ಅಂಗಳಕ್ಕೆ ಬಂತು. ನಿನ್ನೆ ಮೋಟಾರು ವಾಹನ ಇನ್‌ಸ್ಪೆಕ್ಟರು ಬಂದು ಬ್ರೇಕು, ದೀಪ ಎಲ್ಲ ನೋಡಿ ವರದಿ ಕೊಟ್ಟಾಗಿತ್ತು. ಇನ್ನು ಅರ್ಜಿ ಕೊಟ್ಟು ಬಿಡಿಸಿಕೊಳ್ಳುವುದಷ್ಟೇ ಬಾಕಿ.

ಬಿಡಿಸಿಕೊಂಡ ಮೇಲೆ ಏನು ಅನ್ನುವುದನ್ನೂ ಉದಯಕುಮಾರ ನಿರ್ಧರಿಸಿದ್ದ. ಗಬ್ಬೂರಿನ ಹಳೇ ಗಾಡಿ ವ್ಯಾಪಾರಿಯೊಬ್ಬನಿಗೆ ಅದನ್ನು ಮಾರುವುದಾಗಿ ಮಾತು ಕೊಟ್ಟಿದ್ದ. ಮದುವೆ ವಯಸ್ಸಿನ ಹುಡುಗಿ, ಪೊಲೀಸ್ ಕೇಸಿನಲ್ಲಿ ಹೆಸರು ಬಂದರೆ ಮುಗಿಯಿತು ಅಂತ ಅವನ ಹೆದರಿಕೆ. ಅಂದಿನಿಂದ ಕರುಣಾ ಸರಿಯಾಗಿ ಉಂಡಿರಲಿಲ್ಲ.

"ಇನ್ನೊಂದ್ ಐತಿ," ಎಂದರು ನೀಲಕಂಠಪ್ಪ. "ನೀವು ಕೊಟ್ಟ ವಿಮಾ ಹೋದ ತಿಂಗಳ ಇಪ್ಪತ್ತಕ್ಕ ಮುಗದೈತಿ. ವಿಮಾ ಚಾಲ್ತಿ ಇಲ್ಲಂದ್ರ ನಾವು ಸ್ಟೇಷನ್ನಿಂದ ಬಿಡಾಕ ಬರೂದಿಲ್ಲ. ಕೋರ್ಟಿಗೆ ಹೋಗಬೇಕಾಗತೈತಿ."

ಉದಯಕುಮಾರನ ಮುಖ ಇಳಿದುಹೋಯಿತು. ಫೈಲು ತಿರುವಿದ, ಮತ್ತೆ ತಿರುವಿದ. ಇದ್ದದ್ದು ಅದೊಂದೇ.

"ಕರುಣಾಗ ಫೋನ್ ಹಚ್ಚು," ಎಂದಳು ಗುಡ್ಡವ್ವ.

"ಆಕಿನ್ನ ಸ್ಟೇಷನ್ನಿಗೆ ಕರಸೂದಿಲ್ಲವ್ವಾ ನಾ."

"ಹಂಗಾರ ನಾನ ಹಚ್ಚತೇನಿ."

ಸಂಚಿಯಿಂದ ಫೋನು ತೆಗೆದು ಹಚ್ಚಿಯೇಬಿಟ್ಟಳು. ಮೊದಲ ರಿಂಗಿಗೇ ಎತ್ತಿದ ಕರುಣಾಳ ದನಿ ಪಕ್ಕದವರಿಗೂ ಕೇಳುವಷ್ಟಿತ್ತು. "ಆಯಿ, ಹದಿನೆಂಟಕ್ಕ ಕಟ್ಟೇನಿ. ಹೊಸಾ ವಿಮಾ ನನ್ನ ಫೋನ್ಯಾಗ ಐತಿ. ಅಪ್ಪಗ ಹೇಳೂಣಂದ್ರ ಅಂವ ನನ್ನ ಜೋಡಿ ಮಾತ ಆಡವಲ್ಲ."

"ಪ್ರಿಂಟ್ ತಗಸ್ಕೊಂಡು ಲಗೂನ ಬಾ. ಲೈಸೆನ್ಸೂ ತಗೊಂಡು ಬಾ."

ಗುಡ್ಡವ್ವನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಹೊಸ ಅರ್ಜಿ ಬರೆದುಬಿಡೋಣ ಅಂತ ತಾಯಿ-ಮಗ ಎದುರಿನ ಝೆರಾಕ್ಸ್ ಅಂಗಡಿಗೆ ಹೋದರು. ಉದಯಕುಮಾರ ಗಾಜಿನ ಕಪಾಟಿನ ಮೇಲೆ ಹಾಳೆಯಿಟ್ಟು, ಹಳೆಯದನ್ನು ನೋಡಿಕೊಂಡು ಸರಸರ ಬರೆದು ಮುಗಿಸಿದ.

"ಹಿಡಿ, ಸಹಿ ಮಾಡು."

"ಓದು."

"ಅದರಾಗೇನೈತವ್ವಾ, ಬರೇ ಆಫೀಸಿನ ಭಾಷಾ."

"ಎರಡು ವರ್ಷದ ಹಿಂದ ಓದಿಸಿಕೊಳ್ಳದ ಸಹಿ ಮಾಡೇನಿ. ಇವತ್ತ ಓದು."

ಅವನು ಸಂತೆಗೆ ಹೊರಟವನಂತೆ ಗಡಿಬಿಡಿಯಲ್ಲಿ ಓದಿದ. "ಸದರಿ ವಾಹನವನ್ನು ಅಪಘಾತದ ಸಮಯದಲ್ಲಿ ನನ್ನ ಮಗನಾದ ಉದಯಕುಮಾರ ಇವರು ಚಲಾಯಿಸುತ್ತಿದ್ದು..."

"ತಡಿ," ಎಂದಳು ಗುಡ್ಡವ್ವ. "ಬುಧವಾರ ಹನ್ನೊಂದೂವರಿಗೆ ನೀ ಎಲ್ಲಿದ್ದಿ?"

"ಆಫೀಸಿನ್ಯಾಗ."

"ಬೆರಳ ಒತ್ತಿ ಹಾಜರಿ ಹಾಕಿದ್ದಿ?"

ಅವನು ಪೆನ್ನಿನ ಮುಚ್ಚಳ ಹಾಕಿದ.

"ಬೆರಳ ಧಾರವಾಡದಾಗ, ಕಾಲ ನವನಗರದಾಗ ಬ್ರೇಕಿನ ಮ್ಯಾಲ. ಎಂಥಾ ಮಗನ್ನ ಹಡದೇನಪಾ ನಾ."

ಅಂಗಡಿಯವಳು ಬಾಯಿಗೆ ಕೈ ಅಡ್ಡ ಹಿಡಿದಳು. ಉದಯಕುಮಾರನಿಗೆ ನಗು ಬರಲಿಲ್ಲ. "ಅವ್ವಾ, ಆಕಿ ಸಲುವಾಗಿ ಮಾಡಾಕತ್ತೇನಿ. ಏನ ಬಂದ್ರೂ ನನ್ನ ಮ್ಯಾಲ ಬರಲಿ," ಎಂದ. ಗುಡ್ಡವ್ವನಿಗೆ ಸಿಟ್ಟಿನ ನಡುವೆಯೂ ಕರುಳು ಚುರ್ ಅಂತು. ಮಗ ಕೆಟ್ಟವನಲ್ಲ, ಹೆದರುಪುಕ್ಕ ಅಷ್ಟೇ.

"ನಿನ್ನಿ ನಾ ಜಾಕೀರಗ ಬುತ್ತಿ ಒಯ್ದಿದ್ದೆ," ಎಂದಳು ಮೆಲ್ಲಗೆ. "ಬಣ್ಣಾ ಹಚ್ಚೂ ಕೈ ಅದು, ಹಲಗಿ ಕಟ್ಟಿ ಇಟ್ಟಾರ. ನಾಳೆ ವಿಮಾದವರು ಡ್ರೈವರ್ ನೀನೋ ಕರುಣಾನೋ ಅಂತ ತಕರಾರ ತಗದ್ರ, ಜಾಕೀರಗ ಸಿಗೂ ಪರಿಹಾರ ಯಾರ ಕೊಡತಾರ? ಸುಳ್ಳಿಗೆ ನನ್ನ ಸಹಿ ಇಲ್ಲ. ಗಾಡಿ ಇಲ್ಲೇ ತುಕ್ಕ ಹಿಡೀಲಿ ಬೇಕಾದ್ರ."

ಆ ಹೊತ್ತಿಗೆ ಸರಿಯಾಗಿ ಬಸ್ಸಿನಿಂದ ಇಳಿದ ಕರುಣಾ ರಸ್ತೆ ದಾಟಿ ಓಡುತ್ತ ಬಂದಳು. ಕೈಯಲ್ಲಿ ಆಗಷ್ಟೇ ಪ್ರಿಂಟ್ ತೆಗೆಸಿದ ಹೊಸ ವಿಮಾ ಪತ್ರ. ಇಪ್ಪತ್ತೊಂದರಿಂದಲೇ ಚಾಲ್ತಿ, ನಡುವೆ ಒಂದು ದಿನವೂ ಬಿಟ್ಟಿಲ್ಲ. ಗುಡ್ಡವ್ವ ಅವಳ ಕೈಗೆ ಬಿಳಿ ಹಾಳೆ ಕೊಟ್ಟು, "ನಾ ಹೇಳತೇನಿ, ನೀ ಬರಿ. ಇದ್ದದ್ದ ಇದ್ದಂಗ ಬರಿ," ಎಂದಳು. ಅಜ್ಜಿ ಬಾಯಲ್ಲಿ ಬಂದದ್ದನ್ನು ಮೊಮ್ಮಗಳು ಅರ್ಜಿಯ ಕನ್ನಡಕ್ಕೆ ತಿರುಗಿಸುತ್ತ ಹೋದಳು:

"ಮಾನ್ಯರೇ, ತಮ್ಮ ಠಾಣೆಯಲ್ಲಿರುವ ಬಿಳಿ ಗೂಡ್ಸ್ ವಾಹನದ ನೋಂದಾಯಿತ ಮಾಲೀಕಳು ನಾನು. ಬುಧವಾರ ಅಪಘಾತವಾದಾಗ ವಾಹನವನ್ನು ಚಲಾಯಿಸುತ್ತಿದ್ದವಳು ನನ್ನ ಮೊಮ್ಮಗಳು ಕರುಣಾ. ಆಕೆಗೆ ಚಾಲನಾ ಪರವಾನಗಿ ಇದೆ. ಖಾನಾವಳಿಯ ಊಟ ಸಾಗಿಸಲು ಈ ವಾಹನ ಬಿಟ್ಟರೆ ನಮಗೆ ಬೇರೆ ದಾರಿಯಿಲ್ಲ. ಆರ್‌ಸಿ, ವಿಮೆ, ಎಫ್‌ಸಿ, ಹೊಗೆ ತಪಾಸಣೆ ಪತ್ರ, ಪರವಾನಗಿ ಮತ್ತು ನನ್ನ ಆಧಾರ್ ನಕಲುಗಳನ್ನು ಲಗತ್ತಿಸಿದ್ದೇನೆ, ಮೂಲ ಪ್ರತಿಗಳನ್ನು ತಂದಿದ್ದೇನೆ. ತಾವು ಅಥವಾ ನ್ಯಾಯಾಲಯ ಕೇಳಿದಾಗ ವಾಹನವನ್ನು ಹಾಜರುಪಡಿಸುತ್ತೇನೆ. ದಯವಿಟ್ಟು ನನ್ನ ವಶಕ್ಕೆ ಕೊಡಬೇಕು."

ಗುಡ್ಡವ್ವ ಅಕ್ಷರ ಅಕ್ಷರ ಕೂಡಿಸಿ ಸಹಿ ಮಾಡಿದಳು. ಎರಡು ಸಾಲು ಹಿಡಿಯುವಷ್ಟು ದೊಡ್ಡ ಸಹಿ.

ಠಾಣೆಯಲ್ಲಿ ನೀಲಕಂಠಪ್ಪ ನಕಲುಗಳನ್ನು ಮೂಲದೊಂದಿಗೆ ಒಂದೊಂದಾಗಿ ತಾಳೆ ನೋಡಿದರು. ಚಾಸಿ ನಂಬರು ಸರಿಯಿತ್ತು, ವಿಮೆಯ ತಾರೀಖು ಸರಿಯಿತ್ತು. ಆಮೇಲೆ ಮಾಲಕರಿಗೆ ಕೊಡುವ ನೋಟಿಸನ್ನು ಗುಡ್ಡವ್ವನ ಮುಂದಿಟ್ಟರು.

"ಅಮ್ಮಾರ, ಇದಕ್ಕ ಉತ್ತರಾ ನೀವ ಕೊಡಬೇಕು. ಗಾಡಿ ಯಾರು ನಡಸತಿದ್ರು?"

ಗುಡ್ಡವ್ವ ಕರುಣಾಳತ್ತ ಕೈ ಮಾಡಿದಳು. "ನನ್ನ ಮೊಮ್ಮಗಳ್ರೀ ಸಾಹೇಬ್ರ. ಇಲ್ಲೇ ನಿಂತಾಳ ನೋಡ್ರಿ."

ನೀಲಕಂಠಪ್ಪ ಫೈಲಿನಿಂದ ಹಾಳೆಯೊಂದನ್ನು ಎಳೆದರು. "ಜಾಕೀರಂದು ಹೇಳಿಕಿ ಗುರುವಾರನ ತಗೊಂಡೇನಿ. 'ಗಾಡಿ ನಡೆಸುತ್ತಿದ್ದ ಹುಡುಗಿ ನನ್ನನ್ನು ಅದೇ ಗಾಡಿಯಲ್ಲಿ ದವಾಖಾನೆಗೆ ಒಯ್ದಳು' ಅಂತ ಐತಿ." ಕನ್ನಡಕದ ಮೇಲಿಂದ ಉದಯಕುಮಾರನನ್ನು ನೋಡಿದರು. "ಮುಂಜಾನಿ ಅರ್ಜಿಯೊಳಗ ನೀವು ನಡಸತಿದ್ರಿ ಅಂತಿತ್ತು. ಅದನ್ನ ವಾಪಸ್ ಕೊಟ್ಟಿದ್ದು ಬರೇ ಹೆಸರಿನ ಸಲುವಾಗಿ ಅಲ್ರಿ. ಆ ಸುಳ್ಳನ್ನ ಫೈಲಿಗೆ ತಗೊಂಡಿದ್ರ ನಿಮ್ಮ ನೌಕರಿಗೂ ಕುತ್ತು ಬರತಿತ್ತು."

ಉದಯಕುಮಾರ ತಲೆ ತಗ್ಗಿಸಿದ. ಕರುಣಾ ಮೊದಲ ಸಲ ಅಪ್ಪನತ್ತ ತಿರುಗಿ ನೋಡಿದಳು. ಅವನು ಮಗಳ ಮೇಲಿನ ಕೇಸನ್ನು ತನ್ನ ತಲೆಮೇಲೆ ಹೊತ್ತುಕೊಳ್ಳಲು ಹೊರಟಿದ್ದ ಅನ್ನುವುದು ಅವಳಿಗೆ ತಿಳಿದದ್ದೇ ಆಗ. ಸಿಟ್ಟು ಬಂತೋ ಅಳು ಬಂತೋ, ಅಜ್ಜಿಯ ತೋಳು ಗಟ್ಟಿಯಾಗಿ ಹಿಡಿದಳು.

ಮುಚ್ಚಳಿಕೆ ಬಂತು. ನೀಲಕಂಠಪ್ಪ ಓದಿ ಹೇಳಿದರು: ಕರೆದಾಗ ಗಾಡಿ ತರಬೇಕು, ರೂಪ ಬದಲಿಸಬಾರದು, ಪ್ರಕರಣ ಮುಗಿಯುವವರೆಗೆ ಮಾರಬಾರದು.

"ಮಾರಾಕ ಬರೂದಿಲ್ಲೇನ್ರಿ?" ಎಂದ ಉದಯಕುಮಾರ.

"ಕೇಸ್ ಮುಗಿಯೂತನಕ ಇಲ್ರಿ."

"ಮುಗದ ಮ್ಯಾಲೂ ಇಲ್ಲ, ಹಂಗ ಬರಕೋರಿ," ಎಂದಳು ಗುಡ್ಡವ್ವ. ಅವಳಿಗೆ ಖುಷಿ ತಡೆಯಲಾಗುತ್ತಿರಲಿಲ್ಲ.

"ಅದನ್ನ ನಾವು ಬರಕೊಳ್ಳಾಕ ಬರೂದಿಲ್ರಿ ಅಮ್ಮಾರ. ಅದು ನಿಮ್ಮ ಮನಿ ವಿಚಾರ."

ಒಳಗೆ ಪಿಎಸ್‌ಐ ಸಾಹೇಬರು ಅರ್ಜಿಯ ಮೂಲೆಯಲ್ಲಿ ಬರೆದು ಸಹಿ ಹಾಕಿ ಕಳಿಸಿದರು. ಬೀಗದ ಕೈ ಗುಡ್ಡವ್ವನ ಅಂಗೈಗೆ ಬಂತು. ಆದರೆ ನೀಲಕಂಠಪ್ಪ ಇನ್ನೊಂದು ಫಾರ್ಮು ತೆಗೆದರು.

"ತಪ್ಪ ಯಾರದು ಅನ್ನೂದನ್ನ ಮುಂದ ಕೋರ್ಟ್ ನೋಡತೈತಿ. ಹುಡುಗಿಗೆ ಇಲ್ಲೇ ಜಾಮೀನ ಕೊಡತೇವಿ. ಜಾಮೀನದಾರರು ಒಬ್ರು ಬೇಕು."

ಕರುಣಾ ನೆಲ ನೋಡುತ್ತಿದ್ದಳು. ಮೂರು ದಿನದಿಂದ ಅಪ್ಪ ಯಾವ ಕಾಗದಕ್ಕೆ ಹೆದರಿ ನಿದ್ದೆಗೆಟ್ಟಿದ್ದನೋ ಅದು ಇದೇ. ಗುಡ್ಡವ್ವ "ನಾನ..." ಅನ್ನುವಷ್ಟರಲ್ಲಿ ಉದಯಕುಮಾರ ಕುರ್ಚಿ ಎಳೆದುಕೊಂಡು ಮೇಜಿನ ಮುಂದೆ ಕೂತ.

"ನಾ ಆಕಿ ತಂದಿ. ನಾ ಕೊಡತೇನ್ರಿ."

ಫಾರ್ಮನ್ನು ಮೇಲಿಂದ ಕೆಳಗೆ ಓದಿದ. ಆರೋಪಿ ಅನ್ನುವಲ್ಲಿ ಮಗಳ ಹೆಸರಿತ್ತು, ಅವನ ಬೆರಳು ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಇಪ್ಪತ್ತೆರಡು ವರ್ಷದ ಚಟ ಬಿಡದೆ ಒಂದು ಹುಳುಕು ಹುಡುಕಿಯೇಬಿಟ್ಟ.

"ಇಲ್ಲಿ ಉದ್ಯೋಗ ಅನ್ನೂದು ಖಾಲಿ ಬಿಟ್ಟೀರಿ."

"ಹೌದಲ್ರಿ. ಏನಂತ ಬರೀಲಿ?" ನೀಲಕಂಠಪ್ಪ ಪೆನ್ನು ಎತ್ತಿಕೊಂಡರು. "ಮನಿಗೆಲಸ ಅನ್ನಲಿ?"

"ಬ್ಯಾಡ್ರಿ, ಇಲ್ಲಿ ಕೊಡ್ರಿ," ಎಂದ ಉದಯಕುಮಾರ. ಪೆನ್ನು ಇಸಿದುಕೊಂಡು, ತನ್ನ ಕಚೇರಿಯ ದುಂಡನೆಯ ಅಕ್ಷರದಲ್ಲಿ, ಸಾವಕಾಶ, ಮಗಳ ಹೆಸರಿನ ಮುಂದೆ 'ವಾಹನ ಚಾಲಕಿ' ಎಂದು ಬರೆದು, ಕೆಳಗೆ ತನ್ನ ಸಹಿ ಹಾಕಿದ.