ಆರು ನೂಲು

ಮಳೆಗಾಲ ಇನ್ನೂ ಸರಿಯಾಗಿ ಕಾಲೂರಿರಲಿಲ್ಲ. ಸೋಮವಾರ, ಬೆಳಿಗ್ಗೆ ಹತ್ತರ ಹೊತ್ತು. ಬಡಗಿ ತನ್ನ ಕೆಲಸದ ಮೇಜಿನ ಮೇಲಿದ್ದ ಹೊಟ್ಟನ್ನು ಅಂಗೈಯಿಂದ ಒರೆಸಿ, ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಕಾಗದ ಬರೆಯಲು ಕೂತ. ಅಳತೆ ಬರೆದು ಬರೆದು ಪಳಗಿದ ಕೈ ಅದು. ಆದರೆ ಕಾಗದ ಬರೆಯುವುದೆಂದರೆ ಬೆವರು.

ಬರೆಯದೆ ಗತ್ಯಂತರವಿರಲಿಲ್ಲ. ಹಿಂದಿನ ಬೀದಿಯಲ್ಲಿ ಕಬ್ಬಿಣ ಕಡೆಯುವ ಲೇಥಿನ ಶೆಡ್ಡು ನಡೆಸುವ ಹೆಂಗಸಿಗೆ ಮೂವತ್ತು ವರ್ಷದ ಸದ್ದಿನಲ್ಲಿ ಕಿವಿ ಮಂದವಾಗಿತ್ತು. ಎಲ್ಲರೂ ಅವಳನ್ನು ಲೇಥಮ್ಮ ಎನ್ನುತ್ತಿದ್ದರು. ಬಾಯಿಮಾತಿನಲ್ಲಿ ಹೇಳಿದ ಅಳತೆ ತಪ್ಪಿ ಒಂದೆರಡು ಸಲ ಜಗಳವಾದ ಮೇಲೆ ಅವಳು ಬಾಗಿಲಿಗೊಂದು ಹಲಗೆ ತೂಗುಹಾಕಿದ್ದಳು: ‘ಕೆಲಸ ಬರೆದು ಕೊಡಿ.’

ಬಡಗಿ ಬರೆದ.

‘ಲೇಥಮ್ಮನವರಿಗೆ ನಮಸ್ಕಾರ. ಒಂದು ಹೊಸ ಸಾಧನ ಮಾಡುತ್ತಿದ್ದೇನೆ. ಮೊದಲು ಒಂದು ಮಾಡಿ ನೋಡುವುದು. ಮರದ ಕೆಲಸ ನನ್ನದೇ. ಕಬ್ಬಿಣದ್ದಕ್ಕೆ ನಿಮ್ಮ ಸಹಾಯ ಬೇಕು. ಒಂದಿಂಚು ದಪ್ಪದ ದಂಡ, ಉದ್ದ ಹದಿನಾಲ್ಕು ಇಂಚು. ಎರಡೂ ತುದಿಗೆ ಆರು ನೂಲು. ಮೂರು ಎಂ.ಎಂ. ತಗಡಿನಲ್ಲಿ ಮೊಟ್ಟೆ ಆಕಾರದ ಬಿಲ್ಲೆ ಎರಡು, ರಟ್ಟಿನ ನಮೂನೆ ಜೊತೆಗಿದೆ, ಅದರ ಗೆರೆಯ ಮೇಲೇ ಕತ್ತರಿಸಬೇಕು. ಶುಕ್ರವಾರಕ್ಕೆ ಆಗಲೇಬೇಕು. ದಯವಿಟ್ಟು.’

ಯಾತಕ್ಕೆ ಎಂದು ಬರೆಯಲಿಲ್ಲ. ಮನೆಯ ವಿಷಯ ಶೆಡ್ಡಿಗೇಕೆ ಎಂದುಕೊಂಡ.

ಮನೆಯ ವಿಷಯ ಇಷ್ಟು: ಅವನ ತಂಗಿ ಪುಸ್ತಕ ಕಟ್ಟುವವಳು. ಚಳಿಗಾಲದಲ್ಲಿ ಅವಳಿಗೆ ಲಕ್ವ ಹೊಡೆದು ಎಡಗೈ ಸೋತುಹೋಯಿತು. ಬಲಗೈ ಮೊದಲಿನಂತೆಯೇ ಚುರುಕು. ಆದರೆ ಹಾಳೆಯ ಕಟ್ಟನ್ನು ಹಿಡಿಯುವವರಾರು? ಅವಳಿಗೆ ಇಪ್ಪತ್ತು ವರ್ಷದಿಂದ ಕೆಲಸ ಕೊಡುತ್ತಿದ್ದ ಪ್ರೆಸ್ಸಿನವರು ಮುಖ ನೋಡಿ ಹೇಳಿದ್ದರು: ‘ಶನಿವಾರ ಬರ್ತೀನಮ್ಮ. ಕಟ್ಟೋದಕ್ಕೆ ಆಗುತ್ತೆ ಅಂತ ತೋರಿಸಿ, ಇನ್ನೂರು ರಿಜಿಸ್ಟರು ನಿಮಗೇ. ಆಗಲ್ಲ ಅಂದ್ರೆ ಹಾಳೆ ವಾಪಸ್ ತಗೊಂಡು ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ.’

ಬಡಗಿ ಎರಡು ರಾತ್ರಿ ನಿದ್ದೆಗೆಟ್ಟು ಒಂದು ಉಪಾಯ ಕಂಡುಕೊಂಡಿದ್ದ. ಕಾಲಿನಿಂದ ತುಳಿದರೆ ದಂಡ ತಿರುಗಬೇಕು, ದಂಡದ ಮೇಲಿನ ಮೊಟ್ಟೆ ಬಿಲ್ಲೆಗಳು ಹಲಗೆಯನ್ನು ಒತ್ತಬೇಕು, ಹಲಗೆ ಹಾಳೆಯ ಕಟ್ಟನ್ನು ಮೇಜಿನಂಚಿಗೆ ಅದುಮಿ ಹಿಡಿಯಬೇಕು. ಆಮೇಲೆ ಸೂಜಿಗೆ ಒಂದು ಕೈ ಸಾಕು.

ಕಾಗದ ಕೊಟ್ಟು ಬಂದ ಮೇಲೆ ಬಡಗಿ ಕಾಲು ಸುಟ್ಟ ಬೆಕ್ಕಾದ. ಮಂಗಳವಾರ ಚೌಕಟ್ಟು ಜೋಡಿಸಿದ. ಬುಧವಾರ ದಂಡದ ತುದಿಗಳು ಕೂರಲು ಎರಡು ಕಂಬಗಳಿಗೆ ತೂತು ಕೊರೆದ. ಗುರುವಾರ ಕೊರೆಯಲು ಏನೂ ಉಳಿಯದೆ ಮೊಳೆ ತರುವ ನೆಪದಲ್ಲಿ ಶೆಡ್ಡಿನ ಮುಂದೆ ಮೂರು ಸಲ ಹಾದುಹೋದ. ಒಳಗೆ ಹೋಗಿ ಕೇಳಲು ಸಂಕೋಚ. ಕೆಲಸ ಮಾಡುವವರ ಬೆನ್ನ ಹಿಂದೆ ನಿಲ್ಲುವವರನ್ನು ಕಂಡರೆ ಅವನಿಗೇ ಆಗದು.

‘ಅಣ್ಣಾ, ಒಂದ್ ಕಡೆ ಕೂತ್ಕೊ. ನೆಲ ಸವೆದುಹೋದ್ರೆ ಅದನ್ನೂ ನೀನೇ ರಿಪೇರಿ ಮಾಡ್ಬೇಕು’ ಎಂದಳು ತಂಗಿ.

‘ನಂಗೇನಾಗಿದೆ? ಆರಾಮಾಗೇ ಇದೀನಿ.’

‘ಹೌದೌದು. ಅದಕ್ಕೇ ಮೂರು ಸಲ ಹೋಗಿ ಮೊಳೆ ಇಲ್ದೆ ಬಂದೆ.’

ಶುಕ್ರವಾರ ಮಧ್ಯಾಹ್ನ ಊಟ ಬಿಟ್ಟು ಹೋದ. ಶೆಡ್ಡಿನ ತುಂಬ ಸುಟ್ಟ ಎಣ್ಣೆಯ ವಾಸನೆ, ಕಾಲಡಿ ಸುರುಳಿ ಸುರುಳಿ ಕಬ್ಬಿಣದ ಹೊಟ್ಟು. ಲೇಥಮ್ಮ ಮೊದಲು ಬಿಲ್ಲೆಗಳನ್ನು ತಂದಿಟ್ಟಳು. ರಟ್ಟಿನ ಮೇಲಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ; ಅಂಚಿಗೆ ಅರ ಹೊಡೆದು ನುಣ್ಣಗೆ ಮಾಡಿದ್ದಳು. ಬಡಗಿಯ ಎದೆ ಹಗುರಾಯಿತು. ಆಮೇಲೆ ದಂಡ ತಂದಳು.

ಎರಡೂ ತುದಿಗೆ ಬೋಲ್ಟಿನ ಹಾಗೆ ತಿರುಪು ಕಡಿದಿತ್ತು.

ಲೇಥಮ್ಮ ಬೆರಳಿಟ್ಟು ಎಣಿಸಿ ತೋರಿಸಿದಳು. ‘ನೋಡಿ ಬಡಗಿಯಣ್ಣ. ಒಂದು, ಎರಡು... ಆರು. ನೀವು ಬರೆದಿದ್ದು ಆರು, ನಾನು ಹಾಕಿದ್ದು ಆರು.’

‘ಇದೇನಿದು?’

‘ಏನು ಅಂದ್ರೆ? ನೂಲು ಅಂದ್ರೆ ಥ್ರೆಡ್ಡು ತಾನೇ? ಪಾಪ, ಇಂಗ್ಲಿಷ್ ಬರಲ್ಲ, ಕನ್ನಡದಲ್ಲಿ ಬರೆದಿದಾರೆ ಅಂದ್ಕೊಂಡೆ!’

ಬಡಗಿ ಜೇಬಿನಿಂದ ಮಡಿಸುವ ಅಳತೆಪಟ್ಟಿ ತೆಗೆದು ತಿರುಪಿನ ಮೇಲಿಟ್ಟ. ಇಂಚಿಗೆ ಎಂಟು ಸುತ್ತಿನ ತಿರುಪು. ಬಡಗಿಗಳ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಪಾಲೇ ನೂಲು. ಆರು ಸುತ್ತಿನ ಉದ್ದ ಸರಿಯಾಗಿ ಆರು ನೂಲಿತ್ತು. ಹಾಳಾದ್ದು, ತಪ್ಪು ಕೂಡ ಅಳತೆಗೆ ಸರಿಯಾಗಿ ಬಂದಿತ್ತು. ಅವನು ಕೇಳಿದ್ದು ಉದ್ದವಲ್ಲ, ದಪ್ಪ: ತುದಿಗಳನ್ನು ಮುಕ್ಕಾಲು ಇಂಚಿಗೆ ಸಣ್ಣ ಮಾಡಿ ಎಂದು.

ಅವನು ಬೆರಳನ್ನು ಉಂಗುರ ಮಾಡಿ ತೋರಿಸಿ ವಿವರಿಸಿದ. ಅರ್ಥವಾದ ಕೂಡಲೆ ಲೇಥಮ್ಮನ ಮುಖ ಕೆಂಪಾಯಿತು. ‘ನಿಮ್ಮ ತೂತನ್ನೇ ಒಂದಿಂಚು ಮಾಡ್ಕೊಳ್ಳಿ, ಮುಗೀತು.’

‘ಕಂಬ ಇರೋದೇ ಎರಡಿಂಚು ಅಗಲ. ತುಳಿದ್ರೆ ಸೀಳುತ್ತೆ. ಈ ತಿರುಪು ಒಳಗೆ ತಿರುಗಿದ್ರೆ ಮರಾನ ಅರದ ಹಾಗೆ ತಿನ್ನುತ್ತೆ.’

‘ಏನು?’

‘ತಿನ್ನುತ್ತೆ!’

‘ತಿರುಗೋ ದಂಡ ಅಂತ ಎಲ್ಲಿ ಬರೆದಿದೀರಿ?’ ಅವಳು ಕಾಗದವನ್ನು ಕೈಯಿಂದ ತಟ್ಟಿದಳು. ‘ತಿರುಗೋ ತುದಿಗೆ ಯಾರಾದ್ರೂ ಥ್ರೆಡ್ ಹಾಕ್ತಾರಾ? ಯಾತಕ್ಕೆ ಅಂತ ಒಂದು ಸಾಲು ಬರೆದಿದ್ರೆ ಸಾಕಿತ್ತಲ್ಲ! ಸೋಮವಾರ ಬನ್ನಿ, ಮಾಡ್ಕೊಡ್ತೀನಿ. ಈಗ ಲೇಥ್ ಖಾಲಿ ಇಲ್ಲ.’

ಲೇಥಿನ ದವಡೆಗಳಲ್ಲಿ ಯಾರದೋ ಪಂಪಿನ ಭಾಗ ಕಚ್ಚಿಕೊಂಡಿತ್ತು. ಅದನ್ನು ಒಮ್ಮೆ ಬಿಚ್ಚಿದರೆ ಮತ್ತೆ ನಡುಮಧ್ಯಕ್ಕೆ ಕೂರಿಸಲು ಅರ್ಧ ಗಂಟೆಯ ತಾಳ್ಮೆ ಬೇಕೆಂದು ಬಡಗಿಗೂ ಗೊತ್ತಿತ್ತು.

‘ನಾಳೆ ಬೆಳಿಗ್ಗೆಗೆ ಬೇಕು. ತಂಗಿಗೆ’ ಎಂದ ಮೆಲ್ಲಗೆ.

‘ಯಾರಿಗೆ? ಜೋರಾಗಿ ಹೇಳಿ!’

ಮನೆಯ ಮಾತನ್ನು ಎಂದೂ ಹೊಸ್ತಿಲು ದಾಟಿಸದ ಮನುಷ್ಯ ಶೆಡ್ಡಿನ ನಡುವೆ ನಿಂತು ಕೂಗಿ ಹೇಳಿದ. ತಂಗಿಯ ಕೈ ಸೋತದ್ದು, ಶನಿವಾರ ಪ್ರೆಸ್ಸಿನವರು ಬರುವುದು, ಹಾಳೆ ವಾಪಸ್ ಹೋದರೆ ಆ ಕೆಲಸ ಇನ್ನು ಅವಳ ಮನೆಗೆ ತಿರುಗಿ ಬರದು ಎಂಬುದು. ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದ ಶೆಡ್ಡಿನ ಆಳು ಕೆಲಸ ನಿಲ್ಲಿಸಿದ. ರಸ್ತೆಯಲ್ಲಿ ಹೋಗುತ್ತಿದ್ದವರಿಬ್ಬರು ತಿರುಗಿ ನೋಡಿದರು. ಬಡಗಿಯ ಕಿವಿ ಬಿಸಿಯಾಯಿತು.

ಲೇಥಮ್ಮ ಕ್ಯಾಲಿಪರ್ ತಂದು ತಿರುಪಿನ ತಗ್ಗಿನಲ್ಲಿ ದಪ್ಪ ನೋಡಿ, ಬಡಗಿಯ ಪಟ್ಟಿಯ ಮೇಲೇ ಅದನ್ನಿಟ್ಟು ಕಣ್ಣು ಕಿರಿದು ಮಾಡಿದಳು. ‘ನಿಮ್ಮ ಲೆಕ್ಕದಲ್ಲೇ ಆರೂವರೆ ನೂಲಿನ ಮೇಲಿದೆ. ಆರಕ್ಕೆ ಇಳಿಸಿದ್ರೆ ಥ್ರೆಡ್ಡಿನ ಗುರುತೂ ಇರಲ್ಲ. ದಂಡ ಕೆಟ್ಟಿಲ್ಲ ಬಿಡಿ.’

ಪಂಪಿನ ಭಾಗವನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ‘ಇದರ ಯಜಮಾನ ಬಂದು ಬೈದ್ರೆ ನಂಗೆ ಕೇಳಿಸಲ್ಲ, ನೀವು ನಿಂತು ಕೇಳಿಸ್ಕೊಳ್ಳಿ.’

ಲೇಥಿನ ಉಳಿ ತಾಗಿತು, ಆರು ಸುತ್ತುಗಳು ಪುಡಿಪುಡಿಯಾಗಿ ಉದುರಿದವು. ಮೊದಲ ತುದಿ, ತಿರುಗಿಸಿ ಹಿಡಿದು ಎರಡನೆಯದು. ಆಮೇಲೆ ಬಿಲ್ಲೆಗಳನ್ನು ದಂಡಕ್ಕೆ ಏರಿಸಿ, ಎರಡರ ಮೂತಿಯೂ ಒಂದೇ ಕಡೆಗಿದೆಯೇ ಎಂದು ಎರಡು ಸಲ ನೋಡಿ, ಬೆಸುಗೆ ಹಾಕಿಸಿದಳು. ಬಡಗಿ ಅದನ್ನು ಗೋಣಿಯಲ್ಲಿ ಸುತ್ತಿಕೊಂಡಾಗ ಇನ್ನೂ ಬೆಚ್ಚಗಿತ್ತು.

ಶನಿವಾರ ಪ್ರೆಸ್ಸಿನವರು ಹನ್ನೊಂದಕ್ಕೆ ಬಂದರು. ತಂಗಿ ತುಳಿದಳು. ಮೊದಲ ಕಟ್ಟು ಜಾರಿತು, ಹಾಳೆಗಳು ನೆಲದ ತುಂಬ ಚೆಲ್ಲಿದವು. ಪ್ರೆಸ್ಸಿನವರು ಗಡಿಯಾರ ನೋಡಿಕೊಂಡರು. ಬಡಗಿ ಬಗ್ಗಲು ಹೋದರೆ ತಂಗಿ ಗದರಿದಳು: ‘ನೀನು ಸುಮ್ನಿರಣ್ಣ. ಹಲಗೆ ನುಣುಪು ಜಾಸ್ತಿಯಾಗಿದೆ, ನಿನ್ನ ಚಾಳಿ.’ ಹಲಗೆಯಡಿಗೆ ಬಟ್ಟೆಯ ತುಂಡೊಂದನ್ನು ಅಂಟಿಸಿಕೊಂಡು ಮತ್ತೆ ತುಳಿದಳು. ಕಟ್ಟು ಕಚ್ಚಿ ನಿಂತಿತು. ಸೂಜಿ ಮೇಲಿನಿಂದ ಇಳಿಯಿತು, ಅದೇ ಕೈ ಕೆಳಗಿನಿಂದ ಎಳೆದುಕೊಂಡಿತು. ನಿಧಾನ, ಮೊದಲು ಎರಡು ಕಟ್ಟುವ ಹೊತ್ತಿಗೆ ಈಗ ಒಂದು.

ಪ್ರೆಸ್ಸಿನವರು ಹೊಲಿಗೆಯನ್ನು ಎಳೆದು ನೋಡಿದರು, ಇನ್ನೊಮ್ಮೆ ಎಳೆದರು. ‘ಇನ್ನೂರು ಆಗಲ್ಲಮ್ಮ ಈ ತಿಂಗಳಿಗೆ. ನೂರು ಇಟ್ಕೊಳ್ಳಿ’ ಎಂದರು.

‘ನೂರಿಪ್ಪತ್ತು’ ಎಂದಳು ತಂಗಿ, ಪೆಡಲ್ಲಿನಿಂದ ಕಾಲು ತೆಗೆಯದೆ.

ಅವರು ನಕ್ಕು, ಉಳಿದ ಎಂಬತ್ತು ರಿಜಿಸ್ಟರಿನ ಹಾಳೆಯನ್ನಷ್ಟೇ ಹೊರಿಸಿಕೊಂಡು ಹೊರಟುಹೋದರು.