ಒಂದು ಗಂಟೆ ತಡವಾಗಿ

ನಿನಗೆ ಅತಿಬುದ್ಧಿ ಅಂತ ನಮ್ಮಮ್ಮ ಬೈಯುತ್ತಿದ್ದಳು. ಆ ಸೋಮವಾರ ಅದು ಸಾಬೀತಾಯಿತು.

ಪಾರ್ಶ್ವವಾಯು ಹೊಡೆದು ಮಾತು ಹೋದವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕಸುಬು. ನಾನು ಮೈಕು ಸಾಹೇಬರು ಅನ್ನುವ ನನ್ನ ರೋಗಿಯೊಬ್ಬರು ಇರುವುದು ಬೇರೆ ದೇಶದ ನಗರದಲ್ಲಿ, ಕಂಪ್ಯೂಟರಿನ ಪರದೆಯಲ್ಲೇ ನಮ್ಮ ಪಾಠ. ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಗಾಡಿಗಳ ಪ್ರಕಟಣೆ ಕೂಗಿದ ಮನುಷ್ಯ. ಈಗ "ಪ್ರಯಾಣಿಕರ ಗಮನಕ್ಕೆ" ಅನ್ನುವುದೊಂದು ಬಾಯಿಪಾಠದಂತೆ ಬರುತ್ತದೆ, ಅಲ್ಲಿಂದ ಮುಂದೆ ಗಾಡಿ ಹೊರಡುವುದಿಲ್ಲ. ಹನ್ನೆರಡು ವಾರದಲ್ಲಿ ಸ್ವಂತದ್ದೊಂದು ಪೂರ್ತಿ ವಾಕ್ಯ ಆಡದಿದ್ದರೆ ಪಾಠದ ಜಾಗ ಸಾಲಿನಲ್ಲಿ ಕಾದಿರುವ ಮುಂದಿನವರಿಗೆ, ಅದು ನಮ್ಮಲ್ಲಿನ ನಿಯಮ. ಆ ಸೋಮವಾರವೇ ಕೊನೆಯ ದಿನ.

ನನಗೆ ಬೆಳಿಗ್ಗೆ ಒಂಬತ್ತಾದಾಗ ಅವರಿಗೆ ಮಧ್ಯಾಹ್ನ ಎರಡು. ಪಾಠ ಆ ಹೊತ್ತಿಗೇ. ಆದರೆ ಹಿಂದಿನ ದಿನ, ಭಾನುವಾರ, ನಮ್ಮ ನಗರದ ಗಡಿಯಾರಗಳನ್ನು ಬೇಸಿಗೆಯ ಲೆಕ್ಕಕ್ಕೆ ಒಂದು ಗಂಟೆ ಮುಂದೆ ತಿರುಗಿಸಿದ್ದರು. ಅವರಲ್ಲಿ ತಿರುಗಿಸುವುದು ಮೂರು ವಾರ ಬಿಟ್ಟು. ಅಲ್ಲಿಯವರೆಗೆ ಐದು ಗಂಟೆಯ ಅಂತರ ನಾಲ್ಕೇ.

ಸಾಹೇಬರು ಊಟ ಮಾಡಿ, ಒಂದು ಕಣ್ಣು ನಿದ್ದೆ ತೆಗೆದು ಎರಡಕ್ಕೆ ಕೂತರೇನೇ ನಾಲಿಗೆ ಹೊರಳುವುದು. ಪಾಪ, ಅವರಿಗೇಕೆ ತೊಂದರೆ ಅಂತ ಒಂಬತ್ತಕ್ಕೆ ಬೇರೊಬ್ಬರನ್ನು ಕರೆಸಿ ಅವರನ್ನು ನನ್ನ ಹತ್ತಕ್ಕೆ ಇಟ್ಟುಕೊಂಡೆ. ಅವರ ಗಡಿಯಾರದಲ್ಲಿ ಏನೂ ಬದಲಾಗಿಲ್ಲ, ಹೇಳುವುದೇನಿದೆ?

ಹತ್ತಕ್ಕೆ ಪರದೆ ತೆರೆದರೆ ಸಾಹೇಬರ ಹೆಂಡತಿ ಕೆಂಡವಾಗಿದ್ದರು.

"ಏನ್ ಡಾಕ್ಟ್ರಮ್ಮ, ಒಂದು ಗಂಟೆಯಿಂದ ಕೂತಿದ್ದೀವಿ! ಫೋನೂ ಎತ್ತಲ್ಲ!"

"ಅಮ್ಮ, ನಿಮ್ಮ ಎರಡಕ್ಕೇ ಬಂದಿದ್ದೀನಲ್ಲ?"

"ನಿಮ್ಮ ಒಂಬತ್ತು ಈಗ ನಮಗೆ ಒಂದು. ನಿಮಗ್ಯಾಕೆ ತೊಂದ್ರೆ ಅಂತ ನಾನೇ ಇವರಿಗೆ ಬೇಗ ಉಣ್ಣಿಸಿ, ನಿದ್ದೆ ಬಿಡಿಸಿ ಕೂರಿಸಿದೆ!"

ಇಬ್ಬರ ಒಳ್ಳೆಯತನ ಸೇರಿ ಒಬ್ಬ ಮುದುಕರ ನಿದ್ದೆ ಕೆಡಿಸಿತ್ತು. ನನಗೆ ನಗು, ಅದರ ಹಿಂದೆಯೇ ಭಯ. ಸಾಹೇಬರು ಗೋಡೆಯ ಕಡೆ ಮುಖ ತಿರುಗಿಸಿ ಕೂತಿದ್ದರು. ಈ ಮುನಿಸಿನಲ್ಲಿ ವಾಕ್ಯ ಎಲ್ಲಿಂದ ಬರಬೇಕು? ನನ್ನ ಕೈಯಾರೆ ಅವರ ಜಾಗ ಕಳೆದೆನಲ್ಲ!

"ಸಾಹೇಬ್ರೇ, ತಪ್ಪು ನಂದೇ. ಒಂದ್ಸಲ ಈ ಕಡೆ ನೋಡಿ."

ನಿಧಾನವಾಗಿ ತಿರುಗಿದರು. ಗಂಟಲು ಸರಿಮಾಡಿಕೊಂಡರು.

"ಪ್ರಯಾಣಿಕರ ಗಮನಕ್ಕೆ."

ಅಷ್ಟೇ ಅಂದುಕೊಂಡೆ. ಅವರ ಹೆಂಡತಿಯೂ ತಲೆ ತಗ್ಗಿಸಿದರು. ಸಾಹೇಬರ ತುಟಿ ಮಾತ್ರ ಇನ್ನೂ ಅಲುಗುತ್ತಿತ್ತು.

"ಡಾಕ್ಟ್ರಮ್ಮ... ಒಂದು ಗಂಟೆ... ತಡವಾಗಿ... ಬಂದಿದ್ದಾರೆ."

ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೇಬಿಟ್ಟರು. ನನ್ನ ಕಣ್ಣೂ ಮಂಜಾಯಿತು. ಅದನ್ನು ಅಕ್ಷರ ಬಿಡದೆ ವರದಿಯಲ್ಲಿ ಬರೆದೆ. ಜಾಗ ಉಳಿಯಿತು.

"ನಾಳೆ ಎಷ್ಟಕ್ಕಮ್ಮ? ನಿಮ್ಮ ಒಂಬತ್ತೋ, ನಮ್ಮ ಎರಡೋ?" ಅಂತ ಆಕೆ ಕಣ್ಣೊರೆಸಿಕೊಂಡು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಕೈಯೆತ್ತಿ ನಮ್ಮಿಬ್ಬರನ್ನೂ ಸುಮ್ಮನಾಗಿಸಿದರು.

"ನನ್ನ... ನಿದ್ದೆ... ಆದ್ಮೇಲೆ."